ಚೀಟಿ ಸಿಕ್ಕ ಮೇಲಿನ ಹತ್ತು ನಿಮಿಷ

(ಬೆಂಗಳೂರಿನ ಕೆಲವು ಕಾಲೇಜುಗಳಿಗೆ ಹೊಸದಾಗಿ ಸೇರಿದ ಉಪನ್ಯಾಸಕರಿಗಾಗಿ ಜಯನಗರದಲ್ಲಿ ನಡೆದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಆಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಸ್ವಲ್ಪ ಸರಿಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಟರ್ನಲ್ಸ್ ಡ್ಯೂಟಿ ಅಂದ ಕೂಡಲೇ ನಿಮ್ಮ ಕೈಗೆ ಒಂದು ಪುಟದ ಸೂಚನೆ ಬಂದಿರುತ್ತದೆ. ಹದಿನೈದು ನಿಮಿಷ ಮೊದಲೇ ರೂಮಿಗೆ ಬನ್ನಿ, ಐಡಿ ಕಾರ್ಡ್ ನೋಡಿ, ಮೊಬೈಲ್ ಹೊರಗಿಡಿಸಿ, ಕುರ್ಚಿಯಲ್ಲಿ ಕೂತು ಪೇಪರ್ ತಿದ್ದಬೇಡಿ. ಇದೆಲ್ಲ ನಿಮಗೆ ಗೊತ್ತು. ವಿದ್ಯಾರ್ಥಿಗಳಾಗಿದ್ದಾಗಲೇ ನೋಡಿದ್ದೀರಿ. ಆ ಪುಟದ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ‘ಮಾಲ್‌ಪ್ರಾಕ್ಟೀಸ್ ಕಂಡುಬಂದಲ್ಲಿ ಕೂಡಲೇ ಟೆಸ್ಟ್ ಕೋಆರ್ಡಿನೇಟರಿಗೆ ವರದಿ ಮಾಡತಕ್ಕದ್ದು.’ ಅಷ್ಟೇ. ಹೇಗೆ ವರದಿ ಮಾಡಬೇಕು, ಏನು ಬರೆಯಬೇಕು, ಆ ಹುಡುಗನನ್ನು ಏನು ಮಾಡಬೇಕು, ಚೀಟಿಯನ್ನು ಯಾರ ಕೈಗೆ ಕೊಡಬೇಕು, ಒಂದೂ ಇರುವುದಿಲ್ಲ. ಇವತ್ತು ನಾನು ಆ ಒಂದು ಸಾಲಿನ ಬಗ್ಗೆಯೇ ಮಾತಾಡುತ್ತೇನೆ.

ಯಾಕೆ ಅಂದರೆ, ಮಾಲ್‌ಪ್ರಾಕ್ಟೀಸ್ ಕೇಸುಗಳು ಬಿದ್ದುಹೋಗುವುದು ವಿಚಾರಣೆ ಮಾಡುವ ಕಮಿಟಿಯಲ್ಲಿ ಅಲ್ಲ. ರೂಮಿನಲ್ಲೇ ಬಿದ್ದುಹೋಗಿರುತ್ತವೆ. ಚೀಟಿ ಸಿಕ್ಕ ಮೊದಲ ಹತ್ತು ನಿಮಿಷದಲ್ಲಿ ನೀವು ಮಾಡಿದ್ದು, ಬರೆದದ್ದು, ಇವೆರಡರ ಮೇಲೇ ಆಮೇಲಿನದೆಲ್ಲ ನಿಂತಿರುತ್ತದೆ. ಅಲ್ಲಿ ಎಡವಿದರೆ ನಿಜವಾಗಿ ಕಾಪಿ ಹೊಡೆದವನು ಆರಾಮಾಗಿ ಹೊರಗೆ ಬರುತ್ತಾನೆ. ಇಲ್ಲವೇ, ಸಣ್ಣ ತಪ್ಪು ಮಾಡಿದವನಿಗೆ ಇಡೀ ಸೆಮಿಸ್ಟರ್ ಹೋಗುತ್ತದೆ.

ಇಂಟರ್ನಲ್ಸ್ ತಾನೇ, ಇಷ್ಟೊಂದು ತಲೆಬಿಸಿ ಯಾಕೆ ಅಂತ ಕೇಳುವವರಿದ್ದಾರೆ. ವಿಟಿಯು ಕಾಲೇಜುಗಳಲ್ಲಿ ಇರುವವರಿಗೆ ಲೆಕ್ಕ ಗೊತ್ತು. ಒಂದು ವಿಷಯಕ್ಕೆ ಇಂಟರ್ನಲ್ಸ್ 50 ಅಂಕ, ಅದರಲ್ಲಿ ಶೇಕಡ 40, ಅಂದರೆ 20 ಬಾರದಿದ್ದರೆ ಆ ವಿಷಯದಲ್ಲಿ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕೂರುವ ಹಾಗೇ ಇಲ್ಲ. ಹಾಗಾಗಿ ಒಂದು ಗಂಟೆಯ ಟೆಸ್ಟಿನಲ್ಲಿ ನೀವು ಬರೆದ ನಾಲ್ಕು ಸಾಲಿನ ವರದಿ ಒಬ್ಬನ ಒಂದು ಸೆಮಿಸ್ಟರನ್ನು ತೂಗುತ್ತಿರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯೂನಿವರ್ಸಿಟಿ ಪರೀಕ್ಷೆಗೆ ಯೂನಿವರ್ಸಿಟಿಯ ನಿಯಮ ಇರುತ್ತದೆ, ಅದರದೇ ಫಾರಂ ಇರುತ್ತದೆ. ಇಂಟರ್ನಲ್ಸ್‌ಗೆ ನಿಮ್ಮ ನಿಮ್ಮ ಕಾಲೇಜಿನ ಸುತ್ತೋಲೆಯೇ ನಿಯಮ. ಅದನ್ನು ಒಮ್ಮೆ ಓದಿಕೊಳ್ಳಿ. ನಾನು ಹೇಳುವುದು ಸುತ್ತೋಲೆ ಸುಮ್ಮನಿರುವ ಕಡೆ ಏನು ಮಾಡಬೇಕು ಅನ್ನುವುದನ್ನು.

ಟೆಸ್ಟ್ ಶುರುವಾಗುವ ಮುಂಚಿನ ಒಂದು ಕೆಲಸ ಹೇಳಿ ಮುಂದೆ ಹೋಗುತ್ತೇನೆ. ಅದು ಬ್ಲೂ ಬುಕ್. ನಮ್ಮ ಕಾಲೇಜುಗಳಲ್ಲಿ ಒಂದೇ ಬ್ಲೂ ಬುಕ್ಕಿನಲ್ಲಿ ಮೊದಲನೇ ಇಂಟರ್ನಲ್ಸ್, ಎರಡನೇ ಇಂಟರ್ನಲ್ಸ್ ಎಲ್ಲ ಬರೆಸುವ ರೂಢಿ ಇದೆ. ಅಂಕ ನೋಡಿಕೊಳ್ಳಲಿ ಅಂತ ಮಧ್ಯದಲ್ಲಿ ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೇವೆ. ಕೆಲವರು ವಾಪಸ್ ಕೊಡುವುದು ಮುಂದಿನ ಟೆಸ್ಟಿನ ಬೆಳಿಗ್ಗೆಯೇ. ಈ ಮಧ್ಯೆ ಹಿಂದಿನ ಪುಟಗಳಲ್ಲಿ ಏನು ಬೇಕಾದರೂ ಬರೆದುಕೊಂಡು ಬರಬಹುದು, ಅಲ್ವಾ? ಕೊನೆಯ ನಾಲ್ಕು ಪುಟದಲ್ಲಿ ಪೆನ್ಸಿಲಿನಲ್ಲಿ ತೆಳ್ಳಗೆ ಬರೆದಿಟ್ಟ ಡೆರಿವೇಷನ್‌ಗಳನ್ನು ನಾನೇ ನೋಡಿದ್ದೇನೆ. ಅದಕ್ಕೆ ಹಾಜರಿ ಹಾಕಿಸುವಾಗ ಮುಖಪುಟದ ಮೇಲೆ ಮಾತ್ರ ಸಹಿ ಹಾಕಬೇಡಿ. ಈ ಟೆಸ್ಟ್ ಯಾವ ಪುಟದಿಂದ ಶುರುವಾಗುತ್ತದೋ ಆ ಪುಟದ ತಲೆಯ ಮೇಲೆ ತಾರೀಖು ಹಾಕಿ ಸಹಿ ಮಾಡಿ. ಮಾಡುವಾಗ ಉಳಿದ ಖಾಲಿ ಪುಟಗಳನ್ನು ಹೆಬ್ಬೆರಳಿನಿಂದ ಒಮ್ಮೆ ಸರ್ರನೆ ಬಿಡಿಸಿ. ಒಬ್ಬರಿಗೆ ಐದು ಸೆಕೆಂಡ್ ಆಗುತ್ತದೆ. ಏನಾದರೂ ಬರೆದದ್ದು ಕಂಡರೆ ಟೆಸ್ಟ್ ಶುರುವಾಗುವ ಮೊದಲೇ ಆ ಬುಕ್ ತೆಗೆದುಕೊಂಡು ಹೊಸದು ಕೊಡಿ. ಬೆಂಚಿನ ಮೇಲಿನ ಬರಹಕ್ಕೂ ಇದೇ ಮಾತು. ಮೊದಲು ನೋಡಿ, ಬೇರೆ ಕಡೆ ಕೂರಿಸಿ. ಬೆಂಚಿನ ಮೇಲೆ ಯಾರು ಬರೆದರು ಅಂತ ಟೆಸ್ಟ್ ಮುಗಿದ ಮೇಲೆ ಯಾರೂ ಹೇಳಲಾರರು.

ಈಗ ಒಂದು ಪ್ರಸಂಗ. ಯಾರ ಗುರುತೂ ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಿಷಯ ಮಾತ್ರ ಇದ್ದ ಹಾಗೇ ಇದೆ.

ಮೂರನೇ ಸೆಮಿಸ್ಟರಿನ ಮ್ಯಾತ್ಸ್, ಎರಡನೇ ಟೆಸ್ಟ್. ಹತ್ತರಿಂದ ಹನ್ನೊಂದು ಗಂಟೆ. ರೂಮಿನಲ್ಲಿ ಹೊಸದಾಗಿ ಸೇರಿದ ಒಬ್ಬ ಮೇಡಂ ಡ್ಯೂಟಿಯಲ್ಲಿದ್ದರು. 10.25ಕ್ಕೆ ಮೂರನೇ ಸಾಲಿನ ಹುಡುಗನೊಬ್ಬ ಕ್ಯಾಲ್ಕುಲೇಟರಿನ ಜಾರುವ ಮುಚ್ಚಳವನ್ನು ಪದೇ ಪದೇ ತಿರುವಿ ನೋಡುತ್ತಿರುವುದು ಅವರಿಗೆ ಕಾಣಿಸಿತು. ಕ್ಯಾಲ್ಕುಲೇಟರ್ ಬಳಸುವವನು ಕೀಗಳನ್ನು ನೋಡುತ್ತಾನೆ, ಮುಚ್ಚಳದ ಒಳಭಾಗವನ್ನು ನೋಡುವುದಿಲ್ಲ. ಮೇಡಂ ಹತ್ತಿರ ಹೋದರು. ಕೂಗಲಿಲ್ಲ. ಬೆಂಚಿನ ಪಕ್ಕ ನಿಂತು, ‘ಪೆನ್ ಕೆಳಗಿಡಪ್ಪಾ. ಆ ಮುಚ್ಚಳ ಇಲ್ಲಿ ಕೊಡು’ ಅಂದರು. ಒಳಗೆ ಅಂಟಿಸಿದ್ದ ಮೈಕ್ರೋ ಜೆರಾಕ್ಸ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಎರಡೂ ಕಡೆ ಅಚ್ಚು. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಗಳು ಇದನ್ನು ಎಷ್ಟು ನೀಟಾಗಿ ಮಾಡಿಕೊಡುತ್ತವೆ ಅಂದರೆ, ನಮ್ಮ ಪ್ರಶ್ನೆಪತ್ರಿಕೆಗಳೂ ಅಷ್ಟು ಚೆನ್ನಾಗಿ ಅಚ್ಚಾಗುವುದಿಲ್ಲ.

ಇಲ್ಲಿಂದ ಆ ಮೇಡಂ ಮಾಡಿದ್ದನ್ನು ಒಂದೊಂದಾಗಿ ನೋಡೋಣ.

ಮೊದಲು ಗೋಡೆ ಗಡಿಯಾರ ನೋಡಿ ಸಮಯ ಬರೆದುಕೊಂಡರು. ಬಾಗಿಲ ಬಳಿ ಇದ್ದ ಅಟೆಂಡರನ್ನು ಕಳಿಸಿ, ಡ್ಯೂಟಿಯವರ ಬದಲಿಗೆ ರೂಮ್ ನೋಡಿಕೊಳ್ಳುವ ರಿಲೀವರನ್ನು ಕರೆಸಿದರು. ಇದು ಬಹಳ ಮುಖ್ಯ. ನೀವು ಒಬ್ಬರೇ ಇದ್ದಾಗ ನಡೆದದ್ದು ಆಮೇಲೆ ‘ಮೇಡಂ ಹೇಳೋದು, ಹುಡುಗ ಹೇಳೋದು’ ಆಗಿಬಿಡುತ್ತದೆ. ಎರಡನೆಯವರು ಬಂದ ಮೇಲೆ ಮುಂದಿನ ಕೆಲಸ. ಅಲ್ಲಿಯವರೆಗೆ ಚೀಟಿ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರಲಿ. ನಿಮ್ಮ ಜೇಬಿಗೆ, ವ್ಯಾನಿಟಿ ಬ್ಯಾಗಿಗೆ ಹೋಗಬಾರದು.

ಇನ್ನೊಂದು. ಅವನ ಜೇಬಿಗೆ, ಸಾಕ್ಸಿಗೆ ಯಾರೂ ಕೈ ಹಾಕಲಿಲ್ಲ. ‘ಬೇರೆ ಏನಾದರೂ ಇದ್ದರೆ ನೀನೇ ತೆಗೆದಿಡು’ ಅಂದರು. ಮೈ ಮುಟ್ಟಿ ಹುಡುಕುವುದು ನಮ್ಮ ಕೆಲಸ ಅಲ್ಲ. ಅದರಲ್ಲೂ ಗಂಡು ಉಪನ್ಯಾಸಕರು ಹುಡುಗಿಯರ ವಿಷಯದಲ್ಲಿ ಇದನ್ನು ಎರಡು ಸಲ ನೆನಪಿಟ್ಟುಕೊಳ್ಳಬೇಕು. ಮಹಿಳಾ ಉಪನ್ಯಾಸಕರನ್ನು ಕರೆಸಿ, ಅವರೂ ಕೇಳಿಯೇ ತೆಗೆಸಲಿ. ಕೊಡುವುದಿಲ್ಲ ಅಂದರೆ ‘ಕೊಡಲು ಒಪ್ಪಲಿಲ್ಲ’ ಅಂತ ಬರೆಯಿರಿ. ಆ ಒಂದು ಸಾಲು ಸಾಕು.

ಆಮೇಲೆ ಮೇಡಂ ಮಾಡಿದ ಕೆಲಸವನ್ನು ನಮ್ಮಲ್ಲಿ ಬಹಳ ಜನ ಮಾಡುವುದೇ ಇಲ್ಲ. ಹುಡುಗನ ಬ್ಲೂ ಬುಕ್ ತೆಗೆದುಕೊಂಡು, ಅವನು ಬರೆದು ನಿಲ್ಲಿಸಿದ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆದರು. ಪಕ್ಕದಲ್ಲಿ ‘10.28’ ಅಂತ ಬರೆದು ಸಹಿ ಹಾಕಿದರು. ಹುಡುಗನಿಂದಲೂ ಸಹಿ ಮಾಡಿಸಿದರು. ಈ ಗೆರೆಯ ಬೆಲೆ ಏನು ಅಂತ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಚೀಟಿಯನ್ನು ಮುಚ್ಚಳದಿಂದ ಕೀಳಲಿಲ್ಲ. ಕಿತ್ತರೆ ಹರಿಯುತ್ತದೆ, ಆಮೇಲೆ ‘ಇದು ನನ್ನ ಕ್ಯಾಲ್ಕುಲೇಟರಿನಲ್ಲಿ ಇರಲೇ ಇಲ್ಲ’ ಅನ್ನುವ ಮಾತಿಗೆ ದಾರಿಯಾಗುತ್ತದೆ. ಮುಚ್ಚಳ ಸಮೇತ ಒಂದು ಕವರಿಗೆ ಹಾಕಿದರು. ಕವರಿನ ಮೇಲೆ ಹುಡುಗನ ಯುಎಸ್‌ಎನ್ ನಂಬರ್, ವಿಷಯ, ರೂಮ್ ನಂಬರ್, ತಾರೀಖು, ಸಮಯ. ಅಂಟಿಸಿದ ಜಾಗದ ಮೇಲೆ ಅಡ್ಡವಾಗಿ ಮೇಡಂ, ರಿಲೀವರ್, ಹುಡುಗ ಮೂವರ ಸಹಿ. ಬಿಡಿ ಚೀಟಿಯಾಗಿದ್ದರೆ ಅದರ ಅಂಚಿನಲ್ಲೇ, ಅಕ್ಷರ ಮುಚ್ಚದ ಹಾಗೆ ಸಹಿ ಮಾಡಿಸಬೇಕು. ಬರಹದ ಮೇಲೆ ಸ್ಟೇಪ್ಲರ್ ಹೊಡೆಯಬೇಡಿ. ಎಷ್ಟು ಚೀಟಿ, ಕೈಬರಹವೋ ಅಚ್ಚೋ, ಒಂದು ಕಡೆಯೋ ಎರಡು ಕಡೆಯೋ ಅಂತ ಎಣಿಸಿ ಬರೆಯಿರಿ.

ಫೋಟೋ ವಿಷಯ. ಎರಡೂ ಬದಿಯ ಫೋಟೋ ತೆಗೆಯುವುದು ಒಳ್ಳೆಯದೇ, ಆದರೆ ಅದನ್ನು ಟೆಸ್ಟ್ ಕೋಆರ್ಡಿನೇಟರ್ ತೆಗೆಯಲಿ, ಫೈಲಿಗೆ ಸೇರಲಿ. ಡಿಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ‘ನೋಡ್ರಪ್ಪಾ ಇವತ್ತಿನ ಬೇಟೆ’ ಅಂತ ಹಾಕುವ ಅಭ್ಯಾಸ ಕೆಲವರಿಗೆ ಇದೆ. ಅದು ಸಂಜೆಯೊಳಗೆ ಹುಡುಗರ ಗ್ರೂಪಿನಲ್ಲಿ ಇರುತ್ತದೆ. ತೀರ್ಮಾನ ಆಗುವ ಮೊದಲೇ ಅವನಿಗೆ ಶಿಕ್ಷೆ ಆಗಿರುತ್ತದೆ. ಕಮಿಟಿಯಲ್ಲಿ ಕೂರಬೇಕಾದವರೂ ಆ ಗ್ರೂಪಿನಲ್ಲೇ ಇದ್ದು ನಗುವ ಇಮೋಜಿ ಹಾಕಿರುತ್ತಾರೆ. ಅವರ ಮುಂದೆ ಆ ಹುಡುಗ ಏನು ಹೇಳಿಕೊಳ್ಳಬೇಕು?

ಸರಿ, ಈಗ ಎಲ್ಲರೂ ಜಗಳವಾಡುವ ಪ್ರಶ್ನೆ. ಹುಡುಗನನ್ನು ಹೊರಗೆ ಕಳಿಸಬೇಕೋ, ಬರೆಯಲು ಬಿಡಬೇಕೋ? ಸಿಟ್ಟಿನಲ್ಲಿ ‘ಗೆಟ್ ಔಟ್’ ಅನ್ನುವುದು ಸುಲಭ. ನಿಮ್ಮ ಸುತ್ತೋಲೆ ಹೊರಗೆ ಕಳಿಸಿ ಅಂತ ಸ್ಪಷ್ಟವಾಗಿ ಹೇಳಿದರೆ ಹಾಗೇ ಮಾಡಿ. ಏನೂ ಹೇಳದಿದ್ದರೆ, ಹೊಸ ಬುಕ್ ಕೊಟ್ಟು ಉಳಿದ ಸಮಯ ಬರೆಯಲು ಬಿಡಿ ಅನ್ನುತ್ತೇನೆ ನಾನು. ಕಾರಣ ಸರಳ. ನಾಳೆ ಕಮಿಟಿ ಇವನದು ತಪ್ಪಿಲ್ಲ ಅಂದರೆ, ಇವತ್ತು ಕಿತ್ತುಕೊಂಡ ಅರ್ಧ ಗಂಟೆಯನ್ನು ಯಾರೂ ವಾಪಸ್ ಕೊಡಲಾರರು. ತಪ್ಪಿದೆ ಅಂದರೆ, ಬರೆದ ಎರಡನೇ ಬುಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದರೆ ಆಯಿತು. ಒಂದು ಕಡೆ ಸರಿಪಡಿಸಲಾಗದ ನಷ್ಟ, ಇನ್ನೊಂದು ಕಡೆ ನಷ್ಟವೇ ಇಲ್ಲ. ಮೇಡಂ ಹೊಸ ಬುಕ್ ಕೊಟ್ಟರು, ಅದರ ಮೇಲೆ ‘ಎರಡನೇ ಬುಕ್, 10.35ಕ್ಕೆ ಕೊಟ್ಟಿದ್ದು’ ಅಂತ ಬರೆದರು. ಇಷ್ಟಕ್ಕೆಲ್ಲ ಹತ್ತು ನಿಮಿಷ. ರಿಲೀವರ್ ರೂಮ್ ನೋಡಿಕೊಂಡಿದ್ದರಿಂದ ಉಳಿದವರ ಬರವಣಿಗೆಗೂ ತೊಂದರೆ ಆಗಲಿಲ್ಲ.

ಟೆಸ್ಟ್ ಮುಗಿದ ಮೇಲೆ ಹೇಳಿಕೆ. ಕೋಆರ್ಡಿನೇಟರ್ ರೂಮಿನಲ್ಲಿ ಹುಡುಗನಿಗೆ ಹಾಳೆ ಕೊಟ್ಟು, ನಡೆದದ್ದನ್ನು ನಿನ್ನ ಮಾತಿನಲ್ಲಿ ಬರಿ ಅಂದರು. ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ಇಲ್ಲಿ ಎರಡು ತಪ್ಪು ಮಾಮೂಲಿ. ಒಂದು, ನಾವೇ ಹೇಳಿ ಬರೆಸುವುದು. ‘ನಾನು ಚೀಟಿ ತಂದು ನಕಲು ಮಾಡಿದ್ದು ನಿಜ, ಕ್ಷಮಿಸಬೇಕು’ ಅಂತ ಹತ್ತು ಕೇಸಿನಲ್ಲೂ ಒಂದೇ ವಾಕ್ಯ ಇದ್ದರೆ ಯಾರು ನಂಬುತ್ತಾರೆ? ಎರಡು, ‘ಒಪ್ಪಿಕೊಂಡು ಬರೆದುಕೊಟ್ಟರೆ ಬಿಟ್ಟುಬಿಡುತ್ತೇವೆ’ ಅನ್ನುವುದು. ಹಾಗೆ ಆಸೆ ತೋರಿಸಿ ಬರೆಸಿದ ಹೇಳಿಕೆಗೆ ಮೂರು ಕಾಸಿನ ಬೆಲೆ ಇಲ್ಲ. ಬರೆಯುವುದಿಲ್ಲ ಅಂದರೆ ಒತ್ತಾಯ ಬೇಡ. ‘ಹೇಳಿಕೆ ಬರೆಯಲು ಒಪ್ಪಲಿಲ್ಲ’ ಅಂತ ನೀವೇ ಬರೆದು ಸಾಕ್ಷಿಯ ಸಹಿ ಹಾಕಿಸಿ.

ಈ ಹುಡುಗ ಬರೆದ: ‘ಚೀಟಿ ನನ್ನದೇ. ಭಯಕ್ಕೆ ಇಟ್ಟುಕೊಂಡಿದ್ದೆ. ನೋಡಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ಮೇಡಂ ಬಂದರು.’ ಎಲ್ಲರೂ ನಕ್ಕರು. ಎಲ್ಲರೂ ಹೀಗೇ ಹೇಳುತ್ತಾರೆ ಅಂದರು.

ಈಗ ವರದಿಗೆ ಬರೋಣ. ನಮ್ಮಲ್ಲಿ ಸಾಮಾನ್ಯವಾಗಿ ಬರುವ ವರದಿ ಹೀಗಿರುತ್ತದೆ:

‘ಸದರಿ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ನಕಲು ಮಾಡುತ್ತಿರುವಾಗ ರೆಡ್‌ಹ್ಯಾಂಡಾಗಿ ಸಿಕ್ಕಿಬಿದ್ದಿರುತ್ತಾನೆ. ಇವನ ನಡತೆಯು ಮೊದಲಿನಿಂದಲೂ ಸರಿ ಇರುವುದಿಲ್ಲ. ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ಓದಲು ಗಂಭೀರವಾಗಿದೆ. ಒಳಗೆ ಏನೂ ಇಲ್ಲ. ಎಷ್ಟು ಹೊತ್ತಿಗೆ? ಎಲ್ಲಿ? ಏನು ಸಿಕ್ಕಿತು? ನಕಲು ಮಾಡುವುದನ್ನು ಕಂಡಿರೋ, ಚೀಟಿ ಇಟ್ಟುಕೊಂಡದ್ದನ್ನು ಕಂಡಿರೋ? ಇವೆರಡೂ ಬೇರೆ ಬೇರೆ. ‘ನಡತೆ ಸರಿ ಇಲ್ಲ’ ಅನ್ನುವುದಂತೂ ಇಲ್ಲಿಗೆ ಬೇಡವೇ ಬೇಡ. ಹುಡುಗನ ಅಪ್ಪ ಒಬ್ಬ ವಕೀಲರನ್ನು ಕರೆದುಕೊಂಡು ಬಂದರೆ, ಮೊದಲು ಕೈ ಇಡುವುದೇ ಆ ಸಾಲಿನ ಮೇಲೆ. ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಹಿಡಿದಿದ್ದಾರೆ ಅನ್ನುತ್ತಾರೆ.

ಮೇಡಂ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

‘10.25ಕ್ಕೆ ಮೂರನೇ ಸಾಲು, ಕಿಟಕಿ ಪಕ್ಕದ ಸೀಟಿನ ವಿದ್ಯಾರ್ಥಿ ಕ್ಯಾಲ್ಕುಲೇಟರ್ ಮುಚ್ಚಳದ ಒಳಬದಿಯನ್ನು ಮೂರು ನಾಲ್ಕು ಸಲ ನೋಡುವುದನ್ನು ಸುಮಾರು ಎರಡು ಬೆಂಚಿನ ದೂರದಿಂದ ನೋಡಿದೆ. ಹತ್ತಿರ ಹೋಗಿ ಕೇಳಿದಾಗ ತಾನೇ ಮುಚ್ಚಳ ಕೊಟ್ಟ. ಒಳಗೆ ಅಂಟಿಸಿದ ಅಚ್ಚಿನ ಚೀಟಿ ಒಂದು ಇತ್ತು. ಒಂದು ಬದಿ ಫೋರಿಯರ್ ಸರಣಿಯ ಸೂತ್ರಗಳು, ಇನ್ನೊಂದು ಬದಿ ಅಂಟಿಕೊಂಡಿದ್ದು ಪೂರ್ತಿ ಓದಲಾಗಲಿಲ್ಲ. ಅವನು ಚೀಟಿಯಿಂದ ನೋಡಿ ಬರೆಯುವುದನ್ನು ನಾನು ಕಾಣಲಿಲ್ಲ. 10.28ಕ್ಕೆ ಬ್ಲೂ ಬುಕ್ಕಿನಲ್ಲಿ ಗೆರೆ ಎಳೆದೆ. ಆಗ ಒಂದನೇ ಪ್ರಶ್ನೆಯ ಎ ಭಾಗ ಮುಗಿದಿತ್ತು, ಬಿ ಭಾಗ ಅರ್ಧ ಆಗಿತ್ತು. 10.35ಕ್ಕೆ ಎರಡನೇ ಬುಕ್ ಕೊಟ್ಟೆ.’

ಆ ಒಂದು ವಾಕ್ಯ ನೋಡಿ: ‘ನೋಡಿ ಬರೆಯುವುದನ್ನು ನಾನು ಕಾಣಲಿಲ್ಲ.’ ಇದನ್ನು ಬರೆಯಲು ಧೈರ್ಯ ಬೇಕು. ಕೇಸ್ ದುರ್ಬಲವಾಗುತ್ತದೆ ಅಂತ ಅವರ ಎಚ್‌ಒಡಿಯೇ ಅದನ್ನು ತೆಗೆಯಲು ಹೇಳಿದರಂತೆ. ಮೇಡಂ ತೆಗೆಯಲಿಲ್ಲ. ನನ್ನ ಪ್ರಕಾರ ಇಡೀ ವರದಿಗೆ ತೂಕ ಬಂದದ್ದೇ ಆ ಸಾಲಿನಿಂದ. ಕಾಣದ್ದನ್ನು ಕಾಣಲಿಲ್ಲ ಅಂತ ಬರೆಯುವವರು, ಕಂಡೆ ಅಂದದ್ದನ್ನು ಕಂಡೇ ಇರುತ್ತಾರೆ ಅಂತ ಕಮಿಟಿ ನಂಬುತ್ತದೆ.

ಇನ್ನು ಕಮಿಟಿಯಲ್ಲಿ ಏನಾಯಿತು? ಅದಕ್ಕೆ ಮೊದಲು ಒಂದು ಹಳೆಯ ತೀರ್ಪಿನ ಮಾತು. 1954ರಲ್ಲಿ ಉತ್ತರಪ್ರದೇಶದ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದ ಮೂವರು ಹುಡುಗರ ಫಲಿತಾಂಶವನ್ನು ನಕಲು ಮಾಡಿದ್ದಾರೆ ಅಂತ ಅಲ್ಲಿನ ಬೋರ್ಡ್ ರದ್ದು ಮಾಡಿತು. ಮುಂದಿನ ವರ್ಷದ ಪರೀಕ್ಷೆಗೂ ಕೂರಬಾರದು ಅಂದಿತು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಘನಶ್ಯಾಮ್ ದಾಸ್ ಗುಪ್ತ ಅನ್ನುವ ಆ ಕೇಸಿನಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್ ಬೋರ್ಡಿನ ಆದೇಶವನ್ನು ಒಪ್ಪಲಿಲ್ಲ. ಇಂಥ ಶಿಕ್ಷೆ ಕೊಡುವ ಮೊದಲು ವಿದ್ಯಾರ್ಥಿಯ ಮೇಲಿರುವ ಆಪಾದನೆ ತಿಳಿಸಿ, ಅವನ ಮಾತು ಕೇಳಲೇಬೇಕು ಅಂದಿತು. ಅವತ್ತಿನಿಂದ ಇವತ್ತಿನವರೆಗೆ ಮಾಲ್‌ಪ್ರಾಕ್ಟೀಸ್ ಕಮಿಟಿಗಳು ನಡೆಯುವುದು ಈ ದಾರಿಯಲ್ಲೇ. ಬರಹದಲ್ಲಿ ನೋಟಿಸ್, ಉತ್ತರ ಕೊಡಲು ಸಮಯ, ಎದುರಿಗೆ ಕೂರಿಸಿ ಕೇಳುವುದು, ಕಾರಣ ಕೊಟ್ಟು ಆದೇಶ. ಹಿಡಿದವರು ಕಮಿಟಿಯ ಸದಸ್ಯರಾಗಿ ಕೂರಬಾರದು. ಸಾಕ್ಷಿಯಾಗಿ ಬಂದು ಹೇಳಿ ಹೋಗಬೇಕು ಅಷ್ಟೇ. ಸಣ್ಣ ಕಾಲೇಜುಗಳಲ್ಲಿ ಇದು ಕಷ್ಟ, ಇರುವವರೇ ನಾಲ್ಕು ಜನ ಅನ್ನುತ್ತಾರೆ. ಬೇರೆ ಡಿಪಾರ್ಟ್‌ಮೆಂಟಿನಿಂದ ಒಬ್ಬರನ್ನು ಕರೆಯಿರಿ.

ಕಮಿಟಿ ಕವರನ್ನು ಹುಡುಗನ ಎದುರಿಗೇ ಒಡೆಯಿತು. ಸಹಿಗಳು ತನ್ನವೇ ಅಂತ ಅವನು ಒಪ್ಪಿದ. ಮ್ಯಾತ್ಸ್ ಮೇಷ್ಟ್ರೊಬ್ಬರು ಚೀಟಿಯನ್ನು ಒಂದು ಕಡೆ, ಬ್ಲೂ ಬುಕ್ಕನ್ನು ಇನ್ನೊಂದು ಕಡೆ ಇಟ್ಟುಕೊಂಡು ಗೆರೆಯ ಮೇಲಿನದನ್ನು ಸಾಲು ಸಾಲಾಗಿ ಓದಿದರು. ಪ್ರಶ್ನೆ ಇದು: 0 ಯಿಂದ 2π ವರೆಗೆ f(x) = x(2π − x) ಗೆ ಫೋರಿಯರ್ ಸರಣಿ ಬರೆಯಿರಿ. ಸರಣಿ a₀/2 ರಿಂದ ಶುರುವಾಗುತ್ತದೆ. ಹಾಗೆ ಬರೆಯುವಾಗ a₀ ಸೂತ್ರದಲ್ಲಿ ಇಂಟಿಗ್ರಲ್ ಮುಂದೆ 1/π ಇರಬೇಕು. ಚೀಟಿಯಲ್ಲಿ 1/π ಅಂತ ಸರಿಯಾಗೇ ಇತ್ತು. ಹುಡುಗ ಬುಕ್ಕಿನಲ್ಲಿ 1/2π ಅಂತ ಬರೆದಿದ್ದ, ಆಮೇಲೆ ಮತ್ತೆ ಎರಡರಿಂದ ಭಾಗಿಸಿದ್ದ. ಅರ್ಧ ಮಾಡಬೇಕಾದ್ದನ್ನು ಎರಡು ಸಲ ಮಾಡಿದ್ದ. ಅದರಿಂದ ಮೊದಲ ಪದ 2π²/3 ಬರಬೇಕಾದ ಕಡೆ π²/3 ಬಂದಿತ್ತು. ಚೀಟಿ ನೋಡಿ ಬರೆದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅರ್ಧ ಬರೆದ ಬಿ ಭಾಗದಲ್ಲೂ ಇದೇ ತಪ್ಪು ಸೂತ್ರ.

ಎಲ್ಲರೂ ನಕ್ಕಿದ್ದ ಮಾತು, ಅಂದರೆ ‘ನೋಡಬೇಕು ಅಂದುಕೊಂಡಿದ್ದೆ’ ಅನ್ನುವುದು, ಗೆರೆಯ ಮೇಲಿನ ಬರವಣಿಗೆಗೆ ಹೊಂದುತ್ತಿತ್ತು. ಆ ಗೆರೆ, ಆ ಸಮಯ ಇಲ್ಲದಿದ್ದರೆ ಇದನ್ನು ಹೇಳಲು ದಾರಿಯೇ ಇರಲಿಲ್ಲ. ಅದೇ ಗೆರೆ ಉಲ್ಟಾ ಕೆಲಸವನ್ನೂ ಮಾಡಬಲ್ಲದು. ಚೀಟಿಯಲ್ಲಿ ಅಚ್ಚಿನ ತಪ್ಪೊಂದಿದ್ದು, ಅದೇ ತಪ್ಪು ಗೆರೆಯ ಮೇಲೆ ಕಂಡಿದ್ದರೆ, ನೋಡಿ ಬರೆದದ್ದು ಅನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೂ ಚೀಟಿ ಇಟ್ಟುಕೊಂಡದ್ದೇ ತಪ್ಪು ಅಂತ ಆ ಕಾಲೇಜಿನ ಸುತ್ತೋಲೆ ಹೇಳುತ್ತಿತ್ತು. ಕಮಿಟಿ ಹೀಗೆ ಬರೆಯಿತು: ಇಟ್ಟುಕೊಂಡದ್ದು ಸಾಬೀತಾಗಿದೆ, ಬಳಸಿದ್ದು ಸಾಬೀತಾಗಿಲ್ಲ. ಈ ಟೆಸ್ಟಿಗೆ ಮಾತ್ರ ಸೊನ್ನೆ. ಇಡೀ ವಿಷಯದ ಇಂಟರ್ನಲ್ಸ್ ಸೊನ್ನೆ ಮಾಡಬೇಕು ಅಂತ ಕೂತಿದ್ದ ಒಬ್ಬರು ಒಪ್ಪಿಕೊಂಡದ್ದು ಮಗ್ಗಿಯಷ್ಟು ಸುಲಭದ ಲೆಕ್ಕದಿಂದ. ಟೆಸ್ಟುಗಳ ಸರಾಸರಿಗೆ 25, ಅಸೈನ್‌ಮೆಂಟಿಗೆ 25 ಅಂತ ಇಟ್ಟುಕೊಳ್ಳಿ. ಹುಡುಗನಿಗೆ ಮೊದಲ ಟೆಸ್ಟಿನಲ್ಲಿ 18, ಎರಡನೆಯದರಲ್ಲಿ ಸೊನ್ನೆ, ಸರಾಸರಿ 9. ಅಸೈನ್‌ಮೆಂಟಿನ 21 ಸೇರಿ 30. ಪೆಟ್ಟು ಬಿತ್ತು, ಆದರೆ ಪರೀಕ್ಷೆಗೆ ಕೂರಬಹುದು. ಎಲ್ಲವನ್ನೂ ಸೊನ್ನೆ ಮಾಡಿದ್ದರೆ ಆ ವಿಷಯವನ್ನು ಮತ್ತೆ ಮೊದಲಿನಿಂದ ಓದಬೇಕಿತ್ತು. ಬಳಸಿದ್ದು ಸಾಬೀತಾಗದ ಚೀಟಿಗೆ ಅದು ಜಾಸ್ತಿ ಅನ್ನುವುದು ಉಳಿದವರ ಅಭಿಪ್ರಾಯ. ನನ್ನದೂ ಅದೇ.

ಮೊಬೈಲ್ ಬಗ್ಗೆ ಎರಡು ಮಾತು. ಈಗ ಚೀಟಿಗಿಂತ ಅದೇ ಜಾಸ್ತಿ, ಅದರ ಜೊತೆಗೆ ಸ್ಮಾರ್ಟ್ ವಾಚ್, ಕೂದಲ ಹಿಂದೆ ಅಡಗುವ ಇಯರ್ ಬಡ್. ಸಿಕ್ಕ ಫೋನಿನ ಪರದೆಯ ಮೇಲೆ ಆ ಕ್ಷಣ ಏನು ಕಂಡಿತೋ ಅದನ್ನು ಬರೆಯಿರಿ: ‘ಪ್ರಶ್ನೆಪತ್ರಿಕೆಯ ಫೋಟೋ ತೆರೆದಿತ್ತು’ ಅಥವಾ ‘ಪರದೆ ಆರಿತ್ತು’. ಅಷ್ಟಕ್ಕೇ ನಿಲ್ಲಿಸಿ. ಲಾಕ್ ತೆಗೆಸಿ ಗ್ಯಾಲರಿ, ಚಾಟ್ ಎಲ್ಲ ಜಾಲಾಡಬೇಡಿ. ಅದು ಅವರ ಖಾಸಗಿ ವಿಷಯ, ಅಲ್ಲಿ ಕೈ ಹಾಕಿದರೆ ಆಪಾದನೆ ನಿಮ್ಮ ಕಡೆ ತಿರುಗುತ್ತದೆ. ಅವರಿಂದಲೇ ಸ್ವಿಚ್ ಆಫ್ ಮಾಡಿಸಿ, ಕವರಿಗೆ ಹಾಕಿ, ಕಂಪನಿ, ಬಣ್ಣ ಬರೆದು ಒಂದು ರಸೀದಿ ಕೊಡಿ. ಅವತ್ತೇ ಸಂಜೆ ಸಹಿ ಮಾಡಿಸಿಕೊಂಡು ವಾಪಸ್ ಕೊಡುವುದು ಒಳ್ಳೆಯದು. ರಾತ್ರಿ ಮೆಟ್ರೋ ಇಳಿದು ಮನೆಗೆ ಹೋಗಬೇಕಾದ ಹುಡುಗಿಯ ಫೋನನ್ನು ವಾರಗಟ್ಟಲೆ ಬೀರುವಿನಲ್ಲಿ ಇಟ್ಟುಕೊಂಡು ನಾವು ಏನು ಸಾಧಿಸುತ್ತೇವೆ?

ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು.

‘ಚೀಟಿಯನ್ನು ನುಂಗಿಬಿಟ್ಟರೆ, ಕಿಟಕಿಯಿಂದ ಎಸೆದರೆ ಏನು ಮಾಡೋದು ಸಾರ್?’ ಅಂತ ಒಬ್ಬರು ಕೇಳಿದರು. ಬಾಯಿಗೆ ಕೈ ಹಾಕಬೇಡಿ, ಹಿಂದೆ ಓಡಬೇಡಿ. ಕಂಡದ್ದನ್ನು ಬರೆಯಿರಿ: ‘ಕೈಯಲ್ಲಿದ್ದ ಬಿಳಿ ಕಾಗದದ ತುಂಡನ್ನು ಬಾಯಿಗೆ ಹಾಕಿಕೊಂಡ. ಅದರಲ್ಲಿ ಏನಿತ್ತು ಅಂತ ನಾನು ಓದಿಲ್ಲ.’ ಎಸೆದಿದ್ದರೆ ಅಟೆಂಡರ್ ಜೊತೆ ಇನ್ನೊಬ್ಬರನ್ನು ಕಳಿಸಿ ಹುಡುಕಿಸಿ, ಎಲ್ಲಿ ಸಿಕ್ಕಿತು ಅಂತ ಅವರೂ ಸಹಿ ಮಾಡಲಿ. ಹಿಡಿದ ಕಾಗದವನ್ನು ನಾಶ ಮಾಡುವುದನ್ನೇ ಬೇರೆ ತಪ್ಪು ಅಂತ ನಿಮ್ಮ ಸುತ್ತೋಲೆಯಲ್ಲಿ ಸೇರಿಸಿಕೊಂಡರೆ ಈ ಕಷ್ಟ ಅರ್ಧ ತಗ್ಗುತ್ತದೆ.

‘ತಿದ್ದುವಾಗ ಇಬ್ಬರ ಉತ್ತರ ಒಂದೇ ಥರ ಇದ್ದರೆ?’ ಅನ್ನುವುದು ಇನ್ನೊಂದು. ಸರಿ ಉತ್ತರ ಒಂದೇ ಥರ ಇದ್ದರೆ ಅದರಲ್ಲಿ ವಿಶೇಷ ಇಲ್ಲ, ಇಬ್ಬರೂ ಒಂದೇ ನೋಟ್ಸ್ ಓದಿರುತ್ತಾರೆ. ತಪ್ಪುಗಳು ಒಂದೇ ಥರ ಇದ್ದಾಗ ನೋಡಬೇಕು. ಅದೂ ಯಾರು ಬೇಕಾದರೂ ಮಾಡುವ ತಪ್ಪಲ್ಲ, ವಿಚಿತ್ರವಾದ ತಪ್ಪು, ಒಂದಕ್ಕಿಂತ ಜಾಸ್ತಿ ಕಡೆ. ಬಾಗಲೇಶ್ವರ ಪ್ರಸಾದ್ ಅನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದನ್ನೇ ನೋಡಿದೆ. ಕಣ್ಣಾರೆ ಕಂಡವರಿಲ್ಲದಿದ್ದರೂ, ಸರಿಯಾಗಿ ವಿಚಾರಣೆ ಮಾಡಿದ ಕಮಿಟಿ ಹೊಂದುವ ತಪ್ಪುಗಳ ಮೇಲೆ ತೀರ್ಮಾನಕ್ಕೆ ಬಂದರೆ ಕೋರ್ಟು ಸುಲಭವಾಗಿ ಕೈ ಹಾಕುವುದಿಲ್ಲ ಅಂತ ಅದು ಹೇಳಿತು. ಆದರೆ ಇಬ್ಬರೂ ಹತ್ತಿರ ಕೂತಿದ್ದರು ಅಂತ ತೋರಿಸಬೇಕಲ್ಲ? ಬೋರ್ಡಿಗೆ ಅಂಟಿಸಿದ ಸೀಟಿಂಗ್ ಪಟ್ಟಿ ಸಾಲದು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದವರನ್ನು ಎಲ್ಲೋ ಖಾಲಿ ಜಾಗದಲ್ಲಿ ಕೂರಿಸಿರುತ್ತೀರಿ. ನಿಜವಾಗಿ ಯಾರು ಎಲ್ಲಿ ಕೂತರು ಅನ್ನುವುದನ್ನು ಹಾಜರಿ ಹಾಳೆಯ ಹಿಂದೆ ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ.

ಕೊನೆಯ ಪ್ರಶ್ನೆ ಕೇಳಿದ್ದು ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮೇಡಂ. ‘ಸಾರ್, ನಮ್ಮ ಡಿಪಾರ್ಟ್‌ಮೆಂಟಿನದೇ ಹುಡುಗಿ. ಕಾರಿಡಾರಿನಲ್ಲಿ ಅಮ್ಮ ಬಂದು ಅಳುತ್ತಾರೆ, ಒಂದು ಸಲ ಬಿಟ್ಟುಬಿಡಿ ಅಂತಾರೆ. ಕೋಆರ್ಡಿನೇಟರ್ ಕೂಡ, ಆಯ್ತು ಬಿಡಿ ಮೇಡಂ, ವರದಿ ವಾಪಸ್ ತಗೊಳ್ಳಿ ಅಂತಾರೆ. ಆವಾಗ?’

ವರದಿ ಕೊಟ್ಟ ಮೇಲೆ ಅದು ನಿಮ್ಮದಲ್ಲ ಮೇಡಂ. ಕೊಡುವಾಗಲೇ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ತಲುಪಿದ ಸಮಯ ಹಾಕಿಸಿ ಕೋಆರ್ಡಿನೇಟರ್ ಸಹಿ ಪಡೆಯಿರಿ. ಆ ಅಮ್ಮನಿಗೆ ಗೌರವದಿಂದ ಹೇಳಿ: ‘ಅಮ್ಮ, ನಾನು ಕಂಡದ್ದನ್ನು ಬರೆದು ಕೊಟ್ಟಾಗಿದೆ. ನಿಮ್ಮ ಮಗಳು ಏನು ಹೇಳಬೇಕೋ ಅದನ್ನು ಕಮಿಟಿ ಕೇಳುತ್ತದೆ. ನೀವೂ ಅವಳ ಜೊತೆ ಬರಬಹುದಾ ಅಂತ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡಿ.’ ಯಾರಾದರೂ ವರದಿ ಬದಲಿಸಿ ಅಂದರೆ, ಹಳೆಯದನ್ನು ಹರಿಯಬೇಡಿ. ಏನಾದರೂ ಬಿಟ್ಟುಹೋಗಿದ್ದರೆ ಇನ್ನೊಂದು ಹಾಳೆಯಲ್ಲಿ ಅವತ್ತಿನ ತಾರೀಖು ಹಾಕಿ ಸೇರಿಸಿ, ಎರಡನ್ನೂ ಒಟ್ಟಿಗೆ ಫೈಲಿಗೆ ಕೊಡಿ.